ಇರಲು ಬಿಡಬಹುದು

ವಕೀಲರ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರಡಿ ಎಂದೇ ಕರೆಯುತ್ತಿದ್ದರು. ಬೆಳಗ್ಗೆಯಿಂದ ಸಂಜೆಯವರೆಗೆ ಕರಡು ತಿದ್ದುವುದೇ ಅವಳ ಕೆಲಸವಾದ್ದರಿಂದ ಯಾವನೋ ತಲೆಹರಟೆ ಗುಮಾಸ್ತ ಒಂದು ದಿನ ಹಾಗೆ ಕೂಗಿದ್ದ. ಅವಳು ತಲೆ ಎತ್ತಿ ನೋಡಿದ ರೀತಿಗೆ ಆ ಹೆಸರು ಸರಿಹೊಂದಿ, ಅಲ್ಲೇ ಅಂಟಿಕೊಂಡುಬಿಟ್ಟಿತು. ಗುಮಾಸ್ತ ಬೇರೆ ಕೆಲಸ ಹಿಡಿದು ಹೋದ, ಹೆಸರು ಉಳಿಯಿತು. ಈಗ ಖುದ್ದು ವಕೀಲರೇ, ಕಕ್ಷಿದಾರರ ಎದುರಿಗೂ, "ಅದನ್ನ ನಮ್ಮ ಕರಡಿ ನೋಡ್ಕೋತಾಳೆ" ಎನ್ನುತ್ತಿದ್ದರು.

ಕಚೇರಿ ಇದ್ದದ್ದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಹೊಸ ತೊಗಲಿನ ವಾಸನೆ ಹಿಂದೆಯೇ ಬರುತ್ತಿತ್ತು. ಅವಳ ಮೇಜು ಕಿಟಕಿಯ ಪಕ್ಕ. ಜನ ತಮ್ಮ ಕರಾರು, ವಿಮೆ ಪತ್ರ, ಸಂಘದ ನಿಯಮಗಳನ್ನು ಹಿಡಿದುಕೊಂಡು ಬಂದು, "ಇದರಲ್ಲಿ ಏನು ಬರೆದಿದೆ ಅಂತ ನಮಗೆ ತಿಳಿಯೋ ಹಾಗೆ ಬರೆದುಕೊಡಿ" ಎಂದು ಕೇಳುತ್ತಿದ್ದರು. ಅವಳು ಬರೆದುಕೊಡುತ್ತಿದ್ದಳು. ಮೂಲದಲ್ಲಿ "ಅಥವಾ" ಇದ್ದರೆ ಅವಳದರಲ್ಲೂ "ಅಥವಾ" ಇರುತ್ತಿತ್ತು. "ಬಹುದು" ಇದ್ದಲ್ಲಿ "ಬೇಕು" ನುಸುಳುತ್ತಿರಲಿಲ್ಲ. ಹೊಸದಾಗಿ ಸೇರಿದ ಹುಡುಗಿಯರು "ಮಾಲೀಕರು ಕರಾರನ್ನು ಕೊನೆಗೊಳಿಸಲು ಹಕ್ಕುಳ್ಳವರು" ಎಂಬುದನ್ನು "ಕರಾರು ಮುಗಿಯುತ್ತದೆ" ಎಂದು ಸರಳ ಮಾಡಿದಾಗ ಅವಳು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, "ತಾನಾಗೇ ಮುಗಿಯಲ್ಲ. ಮುಗಿಸೋದು ಬಿಡೋದು ಅವರಿಗೆ ಬಿಟ್ಟಿದ್ದು. ಅಷ್ಟನ್ನೂ ತಿಂದುಹಾಕಿದ್ದೀಯಲ್ಲ" ಎಂದು ಗದರುತ್ತಿದ್ದಳು. ತಾನು ಬರೆದದ್ದರಲ್ಲಿ ಒಂದು ಸಂದು ಹುಡುಕಿ ತೋರಿಸಲಿ ನೋಡೋಣ ಎಂಬ ಗರ್ವ ಅವಳಿಗಿತ್ತು. ಅದು ಸುಳ್ಳು ಗರ್ವವೂ ಅಲ್ಲ.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಮೂವತ್ತೈದರ ಆಸುಪಾಸು, ಅಚ್ಚುಕಟ್ಟಾದ ಉಡುಪು, ಮಾತು ಮೆತ್ತಗೆ. ಚೀಲದಿಂದ ಬಾಡಿಗೆ ಕರಾರು ತೆಗೆದು ಒಂದು ಷರತ್ತಿನ ಪಕ್ಕ ಪೆನ್ಸಿಲಿನಲ್ಲಿ ಗೀಟು ಹಾಕಿದ್ದನ್ನು ತೋರಿಸಿದಳು.

"ಇದೊಂದು ಸಾಕು ಮೇಡಂ. ಪೂರ್ತಿ ಬೇಡ. ಮನೇಲಿ ವಯಸ್ಸಾದವರು ಇದ್ದಾರೆ, ನಮ್ಮ ಯಜಮಾನರ ಚಿಕ್ಕಮ್ಮ. ಅವರೇ ಓದಿ ತಿಳ್ಕೋಬೇಕು. ಬೇರೆಯವರು ಓದಿ ಹೇಳಿದ್ರೆ ನಂಬಲ್ಲ ಅವರು."

ಕರಡಿ ಷರತ್ತನ್ನು ಓದಿದಳು. "ಬಾಡಿಗೆದಾರರು ಸದರಿ ಸ್ವತ್ತಿನಲ್ಲಿ ಷೆಡ್ಯೂಲಿನಲ್ಲಿ ನಮೂದಿತರಾದ ವ್ಯಕ್ತಿಗಳ ಹೊರತಾಗಿ ಇತರೆ ಯಾವುದೇ ವ್ಯಕ್ತಿಗೆ, ಬಂಧುವಾಗಿರಲಿ ಅಥವಾ ಅಲ್ಲದಿರಲಿ, ಮಾಲೀಕರ ಪೂರ್ವಭಾವಿ ಲಿಖಿತ ಸಮ್ಮತಿಯನ್ನು, ಸದರಿ ಸಮ್ಮತಿಯನ್ನು ಸಕಾರಣವಿಲ್ಲದೆ ನಿರಾಕರಿಸತಕ್ಕದ್ದಲ್ಲವೆಂಬುದಕ್ಕೆ ಒಳಪಟ್ಟು, ಪಡೆದ ಹೊರತು, ನಿರಂತರವಾಗಿ ಒಂದು ತಿಂಗಳಿಗೆ ಮೀರಿದ ಅವಧಿಗೆ ವಾಸಿಸಲು ಅವಕಾಶ ನೀಡತಕ್ಕದ್ದಲ್ಲ ಮತ್ತು ಹಾಗೆ ನೀಡಿದ ಪಕ್ಷದಲ್ಲಿ, ಮಾಲೀಕರು ಲಿಖಿತ ನೋಟಿಸು ನೀಡಿದ ತರುವಾಯ ಮೂವತ್ತು ದಿನಗಳೊಳಗಾಗಿ ಸದರಿ ಉಲ್ಲಂಘನೆಯು ಸರಿಪಡಿಸಲ್ಪಡದಿದ್ದಲ್ಲಿ, ಮಾಲೀಕರು ಈ ಕರಾರನ್ನು ಕೊನೆಗೊಳಿಸಲು ಹಕ್ಕುಳ್ಳವರಾಗಿರುತ್ತಾರೆ."

ಉಸಿರು ತೆಗೆದುಕೊಳ್ಳಲು ಜಾಗವಿಲ್ಲದ ವಾಕ್ಯ. ಇಂಥದ್ದನ್ನು ಕಂಡರೆ ಅವಳಿಗೆ ಕೈ ತುರಿಸುತ್ತಿತ್ತು. ಯಾರು, ಏನು ಮಾಡಬಾರದು, ಯಾವಾಗ ಮಾಡಬಹುದು, ಮಾಡಿದರೆ ಏನಾಗುತ್ತದೆ ಎಂದು ನಾಲ್ಕು ತುಂಡು ಮಾಡಿದಳು. ಆ ಹೆಂಗಸನ್ನು ಎದುರಿಗೆ ಕೂರಿಸಿಕೊಂಡೇ ಬರೆದಳು:

"೧. ಕರಾರಿನ ಜೊತೆಗಿರುವ ಪಟ್ಟಿಯಲ್ಲಿ (ಷೆಡ್ಯೂಲಿನಲ್ಲಿ) ಹೆಸರಿಲ್ಲದವರು, ನೆಂಟರೇ ಆಗಿರಲಿ ಅಲ್ಲದಿರಲಿ, ಈ ಮನೆಯಲ್ಲಿ ಒಂದೇ ಸಮನೆ ಒಂದು ತಿಂಗಳಿಗಿಂತ ಹೆಚ್ಚು ಇರಲು ಬಾಡಿಗೆದಾರರು ಬಿಡಬಾರದು.

೨. ಮಾಲೀಕರು ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟಿದ್ದರೆ ಇರಲು ಬಿಡಬಹುದು.

೩. ಸರಿಯಾದ ಕಾರಣವಿಲ್ಲದೆ ಮಾಲೀಕರು ಒಪ್ಪಿಗೆ ನಿರಾಕರಿಸಬಾರದು.

೪. ಬಾಡಿಗೆದಾರರು ಈ ಷರತ್ತನ್ನು ಮುರಿದರೆ ಮಾಲೀಕರು ಬರವಣಿಗೆಯಲ್ಲಿ ನೋಟಿಸು ಕೊಡಬಹುದು. ಅದಾದ ಮೂವತ್ತು ದಿನದೊಳಗೆ ತಪ್ಪನ್ನು ಸರಿಪಡಿಸದಿದ್ದರೆ ಮಾಲೀಕರು ಈ ಕರಾರನ್ನು ಕೊನೆಗೊಳಿಸಬಹುದು."

ಹೆಂಗಸು ಓದಿದಳು. ತುಟಿ ಅಲುಗಿತು.

"ಎಷ್ಟು ಚೆನ್ನಾಗಿದೆ ಮೇಡಂ. ಒಂದೇ ಒಂದು ಕೇಳ್ಲಾ? ತಪ್ಪು ಮತ್ತೆ ತಪ್ಪು ಮಾಡಿದ್ರೆ ಏನಾಗುತ್ತೆ ಅನ್ನೋದು ಒಟ್ಟಿಗೆ ಬಂದ್ರೆ ಅವರಿಗೆ ಸುಲಭ ಆಗುತ್ತಲ್ವಾ? ನಾಲ್ಕನೇದನ್ನ ಒಂದರ ಕೆಳಗೆ ತಂದುಬಿಡಿ. ಒಪ್ಪಿಗೆ ವಿಷಯ ಆಮೇಲೆ ಬರಲಿ."

ಕರಡಿ ಯೋಚಿಸಿದಳು. ನಾಲ್ಕನ್ನೂ ಒಟ್ಟಿಗೆ ಓದಿದರೆ ಅರ್ಥ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಸಾಮಾನ್ಯವಾಗಿ ಇಂಥ ಕಡೆ ಮೊದಲ ವಾಕ್ಯದ ಕೊನೆಗೆ "ಮುಂದೆ ಹೇಳಿರುವ ಒಪ್ಪಿಗೆಯ ಸಂದರ್ಭ ಬಿಟ್ಟು" ಎಂದು ಒಂದು ಬಾಲ ಸೇರಿಸಬೇಕು. ಸೇರಿಸಿದಳು. ಓದಿ ನೋಡಿದಳು. ನುಣ್ಣಗಿದ್ದ ವಾಕ್ಯದಲ್ಲಿ ಕಲ್ಲು ಸಿಕ್ಕ ಹಾಗಾಯಿತು. ಅಳಿಸಿಬಿಟ್ಟಳು.

"ಅಕ್ಷರ ದಪ್ಪ ಮಾಡಿ ಮೇಡಂ, ಅವರಿಗೆ ಕಣ್ಣು ಅಷ್ಟಕ್ಕಷ್ಟೆ" ಎಂದಳು ಹೆಂಗಸು. ದಪ್ಪ ಮಾಡಿದಾಗ ಷರತ್ತು ಎರಡು ಹಾಳೆಗೆ ಹರಿಯಿತು. ಮೊದಲ ಹಾಳೆಯಲ್ಲಿ ಬಿಡಬಾರದು ಎಂಬುದೂ ನೋಟಿಸೂ, ಎರಡನೆಯದರಲ್ಲಿ ಒಪ್ಪಿಗೆ. ವಕೀಲರು ಮೂಲದೊಂದಿಗೆ ಹೋಲಿಸಿ ತಲೆಯಾಡಿಸಿ ಸಹಿ ಹಾಕಿದರು. "ಎರಡು ಹಾಳೆಗೂ ಸೀಲ್ ಹಾಕಿಬಿಡಿ ಸರ್, ಅವರಿಗೆ ಅನುಮಾನ ಜಾಸ್ತಿ" ಎಂದು ಹೆಂಗಸು ನಕ್ಕಳು. ವಕೀಲರೂ ನಕ್ಕು ಎರಡಕ್ಕೂ ಸಹಿ ಹಾಕಿ ಸೀಲ್ ಒತ್ತಿದರು.

ಅವಳು ಹೋದ ಮೇಲೆ ವಕೀಲರು, "ಚೆನ್ನಾಗಿ ಬಂದಿದೆ ಕರಡಿ. ಶಾಲೆ ಮಕ್ಕಳಿಗೂ ಅರ್ಥ ಆಗುತ್ತೆ" ಎಂದರು. ಆ ದಿನವೆಲ್ಲ ಕರಡಿ ಖುಷಿಯಾಗಿದ್ದಳು.

ಇದಾಗಿ ಎಷ್ಟೋ ತಿಂಗಳ ಮೇಲೆ ಊರಿನ ಇನ್ನೊಂದು ತುದಿಯಲ್ಲಿದ್ದ ವಯಸ್ಸಾದ ಹೆಂಗಸರ ವಸತಿಗೃಹದಿಂದ ಕಚೇರಿಗೆ ಕೆಲಸ ಬಂತು. ಅವರ ಸೇರ್ಪಡೆ ನಿಯಮಗಳನ್ನು ಸರಳ ಮಾತಿನಲ್ಲಿ ಬರೆದು, ಅಲ್ಲಿದ್ದವರಿಗೆ ಓದಿ ಹೇಳಿ, ಎಲ್ಲಿ ಅರ್ಥವಾಗಲಿಲ್ಲ ಎಂದು ಕೇಳಿ ತಿದ್ದಿಕೊಡಬೇಕಿತ್ತು. ಕರಡಿ ಹೋದಳು. ಉದ್ದನೆಯ ಕಟ್ಟಡ, ಒಂದೊಂದು ಕೋಣೆಗೆ ನಾಲ್ಕು ಮಂಚ, ಗೋಡೆಗೆ ಹಸಿರು ಬಣ್ಣ, ಕಾರಿಡಾರಿನಲ್ಲಿ ಫಿನಾಯಿಲ್ ಮತ್ತು ಬೇಯಿಸಿದ ಅನ್ನದ ವಾಸನೆ.

ಮೂರನೆಯ ಕೋಣೆಯ ಬಾಗಿಲು ತಳ್ಳಿದಾಗ ಒಳಗಿಂದ ಒಂದು ದನಿ, "ಹಲೋ! ಯಾರು ಬೇಕಿತ್ತು?" ಎಂದಿತು. ಹುರಿ ಬಿಗಿದಂಥ ಸ್ಪಷ್ಟ ದನಿ. ಉಳಿದ ಮೂವರು ಮುದುಕಿಯರು ನಕ್ಕರು. ಆ ದನಿಯ ಒಡತಿ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಇಡೀ ಆಯುಷ್ಯ ಕಳೆದವರು. ಯಾರು ಬಾಗಿಲು ತೆಗೆದರೂ ಬಾಯಿಂದ ಹಲೋ ಎಂದೇ ಬರುತ್ತಿತ್ತು. ಹಾಗಾಗಿ ಅಲ್ಲಿ ಎಲ್ಲರಿಗೂ ಅವರು ಹಲೋ ಚಿಕ್ಕಮ್ಮ.

ಕರಡಿ ಬಂದ ಕೆಲಸ ಹೇಳಿದಳು. ಹಲೋ ಚಿಕ್ಕಮ್ಮನ ಮುಖ ಅರಳಿತು.

"ಓ, ನಿನ್ನ ಹಾಗೇ ಬರೆಯೋರು ಇನ್ನೊಬ್ಬರಿದ್ದಾರೆ ಕಣಮ್ಮ. ನನ್ನ ಹತ್ರ ಒಂದು ಕಾಗದ ಇದೆ, ಏನು ಚೆಂದ ಬರೆದಿದ್ದಾರೆ ಅಂತೀಯ! ಅದಿಲ್ದೇ ಇದ್ದಿದ್ರೆ ನಾನು ಮನೆ ಬಿಟ್ಟು ಬರ್ತಾನೇ ಇರ್ಲಿಲ್ಲ."

ಮಂಚದ ಬದಿಯ ಡಬ್ಬಿಯಿಂದ ಕಾಗದ ತೆಗೆಯುತ್ತಲೇ ಅವರು ಕಥೆ ಹೇಳಿದರು. ಆ ಕೋಣೆಯವರಿಗೆಲ್ಲ ಅದು ಬಾಯಿಪಾಠವಾಗಿತ್ತು. ಅಕ್ಕ ತೀರಿಕೊಂಡಾಗ ಅವಳ ಮಗ ಇನ್ನೂ ತೊದಲುತ್ತಿದ್ದ. ಇವರು ಮದುವೆಯ ಮಾತನ್ನು ಮುಂದಕ್ಕೆ ಹಾಕಿ, ಹಾಕಿ, ಕೊನೆಗೆ ಮರೆತೇಬಿಟ್ಟು ಅವನನ್ನು ಬೆಳೆಸಿದರು. ರಾತ್ರಿ ಪಾಳಿಯಿದ್ದಾಗ ಅವನನ್ನು ಜೊತೆಗೇ ಕರೆದುಕೊಂಡು ಹೋಗಿ, ಕೆಲಸದ ಕುರ್ಚಿಯ ಕೆಳಗೆ ಕಂಬಳಿ ಹಾಸಿ ಮಲಗಿಸುತ್ತಿದ್ದರು. ಮೇಲಧಿಕಾರಿ ಬಂದರೆ ಸೀರೆ ಇಳಿಬಿಟ್ಟು ಮರೆಮಾಡುತ್ತಿದ್ದರು. ವಯಸ್ಸಾಗಿ, ಇದ್ದ ಕೋಣೆ ಬಿಡಬೇಕಾಗಿ ಬಂದಾಗ ಅವನ ಮನೆಗೇ ಹೋದರು.

"ನನ್ನ ಮಗ ಕಳಿಸಲಿಲ್ಲ ಕಣಮ್ಮ. ಕಾನೂನು ಕಳಿಸ್ತು. ಬಾಡಿಗೆ ಮನೆ ನೋಡು, ಹೆಸರಿಲ್ಲದೋರು ಇರೋ ಹಾಗಿಲ್ಲ. ನಾನಿದ್ರೆ ಅವರನ್ನೂ ಖಾಲಿ ಮಾಡಿಸ್ತಾರೆ. ನಾನು ಮೊದಲು ನಂಬಲಿಲ್ಲ, ಕಾಗದದಲ್ಲಿ ತೋರಿಸಿ ಅಂದೆ. ಸೊಸೆ ತಂದು ತೋರಿಸಿದ್ಲು. ಓದಿದೆ. ಅವತ್ತೇ ಬಟ್ಟೆ ತುಂಬಿದೆ. ನನ್ನ ಮಗ ಬಾಗಿಲಲ್ಲಿ ನಿಂತು ಗೊಳೋ ಅಂತ ಅತ್ತ. ಸುಮ್ನಿರೋ ಅಂದೆ."

ಹಾಳೆ ಕರಡಿಯ ಕೈಗೆ ಬಂತು. ದಪ್ಪ ಅಕ್ಷರ. ಒಂದನೆಯ ಅಂಶ, ಎರಡನೆಯದು, ಅಷ್ಟೆ. ಕೆಳಗೆ ವಕೀಲರ ಸೀಲ್.

ಅವಳು ಹಾಳೆಯ ಹಿಂಬದಿ ನೋಡಿದಳು. ಖಾಲಿ. ಆ ಕ್ಷಣ ಅವಳಿಗೆ ಮುದುಕಿಯ ಮೇಲೆ ಕನಿಕರ ಬಂತು ಎಂದರೆ ಸುಳ್ಳಾಗುತ್ತದೆ. ಬಂದದ್ದು ಉರಿ. ತನ್ನ ಬರವಣಿಗೆಯನ್ನು ಯಾರೋ ಅರ್ಧಕ್ಕೆ ಕಡಿದಿದ್ದಾರೆ, ಕಡಿದದ್ದಕ್ಕೆ ತನ್ನ ಕಚೇರಿಯ ಸೀಲ್ ಇದೆ.

"ಇನ್ನೊಂದು ಹಾಳೆ ಎಲ್ಲಿ?" ಎಂದುಬಿಟ್ಟಳು.

"ಇನ್ನೊಂದಾ?"

"ಇದು ನಾನೇ ಬರೆದದ್ದು ಚಿಕ್ಕಮ್ಮ. ಎರಡು ಹಾಳೆ ಇತ್ತು. ಮಾಲೀಕರು ಬರೆದು ಒಪ್ಪಿಗೆ ಕೊಟ್ರೆ ನಿಮ್ಮನ್ನ ಇರಲು ಬಿಡಬಹುದು. ಸುಮ್ಮಸುಮ್ಮನೆ ಅವರು ಇಲ್ಲ ಅನ್ನೋ ಹಾಗೂ ಇಲ್ಲ. ಅದೂ ಇದೇ ಷರತ್ತಿನಲ್ಲಿದೆ."

ಪಕ್ಕದ ಮಂಚದವಳು ಸ್ವೆಟರ್ ಹೆಣೆಯುವುದನ್ನು ನಿಲ್ಲಿಸಿದಳು. ಹಲೋ ಚಿಕ್ಕಮ್ಮ ಹಾಳೆಯನ್ನು ವಾಪಸು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದರು.

"ಬೀಳಿಸಿರ್ತಾಳೆ" ಎಂದರು ಕಡೆಗೆ. "ನನ್ನ ಸೊಸೆಗೆ ಕೈಯಲ್ಲಿ ಹಿಡಿದದ್ದು ನಿಲ್ಲಲ್ಲ. ಬಸ್ಸಲ್ಲೋ ಎಲ್ಲೋ ಬೀಳಿಸಿರ್ತಾಳೆ. ನನ್ನ ಮಗನಿಗೆ ಇದು ಗೊತ್ತಿಲ್ಲ. ಗೊತ್ತಿದ್ರೆ ಮಾಲೀಕರ ಕಾಲು ಹಿಡೀತಿದ್ದ." ಆಮೇಲೆ ಅವರ ಕಣ್ಣು ಬೇರೆಯೇ ಆಯಿತು. "ಅಂದ್ರೆ, ಒಪ್ಪಿಗೆ ತಂದ್ರೆ ನಾನು ಹೋಗಬಹುದು ಅನ್ನು?"

"ಈಗ ನೀವಲ್ಲಿ ಇಲ್ವಲ್ಲ. ನೀವು ಮತ್ತೆ ಹೋಗೋ ಮೊದಲೇ ತಂದ್ರೆ ಅದು ಪೂರ್ವಭಾವಿ ಒಪ್ಪಿಗೇನೇ ಆಗುತ್ತೆ. ಏನೂ ತೊಡಕಿಲ್ಲ" ಎಂದಳು ಕರಡಿ. ಕಾನೂನಿನ ಮಟ್ಟಿಗೆ ಅದು ಸರಿಯೇ ಇತ್ತು.

"ತಂದುಕೊಡ್ತೀಯಾ ತಾಯಿ?"

ಕಕ್ಷಿದಾರರ ಕಾಗದದ ವಿಷಯ ಹೊರಗೆ ಆಡಬಾರದು, ಅವರ ವ್ಯವಹಾರದಲ್ಲಿ ಕೈಹಾಕಬಾರದು ಎಂದು ಕಚೇರಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕರಡಿಗೇ ಗೊತ್ತಿತ್ತು. ವಕೀಲರನ್ನು ಕೇಳಿದರೆ ಬೇಡ ಎನ್ನುತ್ತಾರೆ ಎಂದೂ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ, ಚಿಕ್ಕಮ್ಮನಿಂದ ವಿಳಾಸ ತೆಗೆದುಕೊಂಡು ನೇರ ಹೋದಳು.

ಮಗ ಬಾಡಿಗೆಗಿದ್ದ ಮನೆಯ ಮಾಲಕಿ ಅದೇ ಕಟ್ಟಡದ ಕೆಳಮನೆಯಲ್ಲಿದ್ದ ಗಂಡ ತೀರಿಹೋದ ಹೆಂಗಸು. ಬಾಗಿಲಲ್ಲೇ ನಿಂತು ವಿಷಯ ಕೇಳಿ ಹುಬ್ಬೇರಿಸಿದಳು.

"ನನ್ನನ್ನ ಯಾರೂ ಕೇಳ್ಲೇ ಇಲ್ಲಮ್ಮ. ಆ ಅಮ್ಮ ಎಲ್ಲೋ ತಮ್ಮ ಊರಿಗೆ ಹೋದ್ರು ಅಂತ ಮೇಲಿನ ಮನೆಯೋಳು ಹೇಳಿದ್ಲು. ನೋಟಿಸಾ? ನಾನ್ಯಾಕೆ ಕೊಡ್ಲಿ? ಅವರಿದ್ದಾಗ ಮೆಟ್ಟಿಲ ಮೇಲೆ ಒಂದು ಕಸ ಇರ್ತಿರ್ಲಿಲ್ಲ. ಎಲ್ಲಿ ಸಹಿ ಹಾಕ್ಬೇಕು ಹೇಳು."

ಕರಡಿ ಅಲ್ಲೇ ಬರೆದಳು. ಯಾರನ್ನು, ಯಾವ ಮನೆಯಲ್ಲಿ, ಯಾವ ಷರತ್ತಿನ ಪ್ರಕಾರ ಇರಲು ಬಿಡಬಹುದು ಎಂದು ಎಲ್ಲವೂ ಒಂದೇ ಹಾಳೆಯಲ್ಲಿ, ಬಿಡಿಸಲಾಗದ ಹಾಗೆ. ಮಾಲಕಿ ಸಹಿ ಹಾಕಿ ದಿನಾಂಕ ಬರೆದಳು. ಬಸ್ಸಿನಲ್ಲಿ ಹಿಂದಿರುಗುವಾಗ ಕರಡಿ ಆ ಹಾಳೆಯನ್ನು ಮತ್ತೆ ಮತ್ತೆ ತೆಗೆದು ನೋಡಿದಳು. ತಾನೊಂದು ದೊಡ್ಡ ಅನ್ಯಾಯವನ್ನು ನೆಟ್ಟಗೆ ಮಾಡುತ್ತಿದ್ದೇನೆ ಎಂಬ ಉಬ್ಬು ಅವಳಿಗೆ ಬಂದಿತ್ತು.

ಮಗ ಭಾನುವಾರ ಭಾನುವಾರ ಬರುತ್ತಿದ್ದ. ಆ ಭಾನುವಾರ ಹೆಂಡತಿಯೂ ಬಂದಿದ್ದಳು. ವಸತಿಗೃಹದ ಭೇಟಿ ಕೋಣೆಯಲ್ಲಿ ಬೆತ್ತದ ಕುರ್ಚಿಗಳು, ಮೂಲೆಯಲ್ಲಿ ನೀರಿನ ಫಿಲ್ಟರ್, ಗಾಜಿನ ಬಾಗಿಲಿನಾಚೆ ವಾರ್ಡನ್ ಕೂರುವ ಮೇಜು. ಹಲೋ ಚಿಕ್ಕಮ್ಮ ಬಟ್ಟೆಯ ಚೀಲವನ್ನು ತುಂಬಿ, ಜಿಪ್ ಎಳೆದು, ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದರು. ಪಕ್ಕದ ಮಂಚದವಳಿಗೆ ತಮ್ಮ ಪ್ಲಾಸ್ಟಿಕ್ ಬಕೆಟ್ಟನ್ನೂ ಕೊಟ್ಟು ಬಂದಿದ್ದರು.

ಸೊಸೆ ಒಳಗೆ ಬಂದವಳೇ ಚಿಕ್ಕಮ್ಮನ ಪಕ್ಕ ಕೂತಿದ್ದ ಕರಡಿಯನ್ನು ಗುರುತು ಹಿಡಿದಳು. ಮುಖ ಬಿಳುಚಿತು, ಆಮೇಲೆ ಗಟ್ಟಿಯಾಯಿತು.

"ಬಾರೋ ಮಗು, ಕೂತ್ಕೋ" ಎಂದರು ಚಿಕ್ಕಮ್ಮ. "ಈಕೆ ನಮ್ಮ ಆ ಕಾಗದ ಬರೆದೋರು. ಎರಡನೇ ಹಾಳೆ ಕಳೆದುಹೋಗಿತ್ತಂತೆ ನೋಡು. ಮಾಲೀಕರು ಒಪ್ಪಿದ್ರೆ ನಾನಿರಬಹುದಂತೆ. ಒಪ್ಪಿಗೆ ತಂದೇಬಿಟ್ಟಿದ್ದಾಳೆ, ಪುಣ್ಯಾತ್ಗಿತ್ತಿ. ಓದು, ಓದು."

ಮಗ ನಲವತ್ತರ ಹತ್ತಿರದ, ಭುಜ ಇಳಿಬಿದ್ದ ಗಂಡಸು. ಹಾಳೆ ತೆಗೆದುಕೊಂಡು ಓದಿದ. ಮುಗಿದ ಮೇಲೂ ಕಣ್ಣು ಹಾಳೆಯಲ್ಲೇ ಇತ್ತು. ಹೆಂಡತಿಯ ಕಡೆ ನೋಡಲಿಲ್ಲ. ಅವಳೂ ಅವನ ಕಡೆ ನೋಡಲಿಲ್ಲ. ಎರಡನೆಯ ಹಾಳೆ ಎಲ್ಲಿಯೂ ಬಿದ್ದಿರಲಿಲ್ಲವೆಂದು, ಅದನ್ನು ಇಬ್ಬರೂ ಅಡುಗೆಮನೆಯಲ್ಲಿ ನಿಂತು ಒಟ್ಟಿಗೆ ಓದಿದ್ದರೆಂದು ಕರಡಿಗೆ ಆಗ ತಿಳಿಯಿತು.

"ಬೀಳಿಸಿದ್ದೆ ಅಲ್ವೇನೇ?" ಎಂದರು ಚಿಕ್ಕಮ್ಮ ಸೊಸೆಗೆ, ಎಳೆ ಮಗುವಿಗೆ ಉತ್ತರ ಹೇಳಿಕೊಡುವಂತೆ.

ಸೊಸೆ ಬಾಯಿ ತೆರೆದಳು. ಅವಳು ಹೂಂ ಎಂದಿದ್ದರೆ ಆ ದಿನ ಏನಾಗುತ್ತಿತ್ತೋ. ಆದರೆ ಹೂಂ ಎಂದರೆ ತೊಡೆಯ ಮೇಲಿನ ಆ ಚೀಲ ಮನೆಗೆ ಬರುತ್ತದೆ. ಅವಳು ಬಾಯಿ ಮುಚ್ಚಿಕೊಂಡಳು.

ಮಗನೇ ಮಾತಾಡಿದ. ಚಿಕ್ಕಮ್ಮನಿಗಲ್ಲ, ಕರಡಿಗೆ.

"ಮೇಡಂ, ಇದರಲ್ಲಿ 'ಇರಲು ಬಿಡಬಹುದು' ಅಂತಿದೆ."

"ಹೌದು."

"ಬಿಡಬಹುದು ಅಂದ್ರೆ... ಬಿಡಲೇಬೇಕು ಅಂತ ಏನಿಲ್ಲ ಅಲ್ವಾ?"

ಚಿಕ್ಕಮ್ಮ ಅವಳನ್ನೇ ನೋಡುತ್ತಿದ್ದರು, ನಂಬಿಕೆಯಿಂದ. ಇವಳು ಓದಿದವಳು, ಇವಳ ಬಾಯಿಂದ ಸರಿಯಾದ ಮಾತು ಬರುತ್ತದೆ ಎಂದು.

"ಹೇಳಿ ಮೇಡಂ" ಎಂದ ಮಗ. "ಮಾಲೀಕರು ಒಪ್ಪಿದ್ರೆ ನಾವು ಇಟ್ಕೊಳ್ಳಲೇಬೇಕು ಅಂತ ಷರತ್ತಿನಲ್ಲಿ ಎಲ್ಲಾದ್ರೂ ಇದೆಯಾ?"

"ಇಲ್ಲ" ಎಂದಳು ಕರಡಿ. ಇಷ್ಟು ವರ್ಷದಲ್ಲಿ "ಬಹುದು" ಎಂಬುದನ್ನು "ಬೇಕು" ಎಂದು ಅವಳು ಒಮ್ಮೆಯೂ ಓದಿರಲಿಲ್ಲ, ಆಗಲೂ ಓದಲು ಬರಲಿಲ್ಲ. "ಒಪ್ಪಿಗೆ ಅಂದ್ರೆ ಅಡ್ಡಿ ಇಲ್ಲ ಅಂತ ಅಷ್ಟೆ. ಇರಿಸಿಕೊಳ್ಳೋದು ಬಿಡೋದು ಬಾಡಿಗೆದಾರರಿಗೆ ಸೇರಿದ್ದು."

"ಬಾಡಿಗೆದಾರರು ಅಂದ್ರೆ ಯಾರು?" ಎಂದು ಕೇಳಿದರು ಚಿಕ್ಕಮ್ಮ.

ಕರಡಿ ಮಗನ ಕಡೆ ನೋಡಿದಳು.

"ನಿನ್ನನ್ನೇ ಕೇಳ್ತಿರೋದು ಕಣಮ್ಮ. ಬಾಡಿಗೆದಾರರು ಅಂದ್ರೆ ಯಾರು?"

"ಕರಾರಿಗೆ ಸಹಿ ಹಾಕಿದವರು" ಎಂದಳು ಕರಡಿ. "ನಿಮ್ಮ ಮಗ."

ಚಿಕ್ಕಮ್ಮ ಮಗನ ಕಡೆ ತಿರುಗಿದರು. ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಮನೆ ಚಿಕ್ಕದು ಚಿಕ್ಕಮ್ಮ" ಎಂದ. "ನಿಮ್ಮಿಬ್ಬರ ಮಧ್ಯೆ ನನಗೆ ಆಗ್ತಿರ್ಲಿಲ್ಲ. ಬಾಯಿಬಿಟ್ಟು ಹೇಳೋಕೂ ಆಗ್ತಿರ್ಲಿಲ್ಲ. ಕಾಗದ ಸಿಕ್ತು. ಕಾಗದ ಹೇಳ್ತು ಅಂತ ಆದ್ರೆ ಯಾರಿಗೂ ನೋವಾಗಲ್ಲ ಅಂದ್ಕೊಂಡ್ವಿ."

"ಈಗ್ಲೂ ನೋವಾಗ್ತಿರ್ಲಿಲ್ಲ" ಎಂದಳು ಸೊಸೆ, ಕರಡಿಯನ್ನು ದುರುಗುಟ್ಟಿ ನೋಡುತ್ತ. "ಅತ್ತೆ ಇಲ್ಲಿ ಚೆನ್ನಾಗೇ ಇದ್ರು. ಇವರು ವಾರ ತಪ್ಪದೆ ಬರ್ತಿದ್ರು. ಯಾರು ಕೇಳಿದ್ರು ನಿಮ್ಮನ್ನ?"

ಚಿಕ್ಕಮ್ಮ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಅಳಲಿಲ್ಲ, ಬೈಯಲಿಲ್ಲ. ವಿನಿಮಯ ಕೇಂದ್ರದಲ್ಲಿ ಒಂದು ಕರೆಯನ್ನು ಕಡಿದು ಇನ್ನೊಂದನ್ನು ಜೋಡಿಸುವಾಗ ಆಡುತ್ತಿದ್ದ ಅದೇ ನಯವಾದ ದನಿಯಲ್ಲಿ, "ಹೊತ್ತಾಯ್ತು, ಬಸ್ ತಪ್ಪುತ್ತೆ. ಹೊರಡಿ ನೀವಿಬ್ರು" ಎಂದರು. ಮಗ ಕಾಲು ಮುಟ್ಟಲು ಬಗ್ಗಿದ. ಅವರು ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡರು.

ಅವರಿಬ್ಬರೂ ಗಾಜಿನ ಬಾಗಿಲು ದಾಟಿ ಹೋದ ಮೇಲೆ ಕರಡಿ, "ಚಿಕ್ಕಮ್ಮ, ನಾನು..." ಎಂದಳು.

"ನೀನು ಬರೋಕೆ ಮುಂಚೆ ನನಗೊಬ್ಬ ಮಗ ಇದ್ದ" ಎಂದರು ಹಲೋ ಚಿಕ್ಕಮ್ಮ. "ಪ್ರತಿ ವಾರ ಬರ್ತಿದ್ದ. ಕಾನೂನನ್ನ ಇಬ್ರೂ ಕೂತು ಬೈಯ್ತಿದ್ವಿ. ಎಷ್ಟು ಹಗುರಾಗ್ತಿತ್ತು ಗೊತ್ತಾ?" ಎದ್ದು, ಚೀಲ ಎತ್ತಿಕೊಂಡು, ಕಾರಿಡಾರಿನಲ್ಲಿ ನಡೆದರು. ಕೋಣೆಗೆ ಹೋಗಿ ಬಕೆಟ್ ವಾಪಸು ಕೇಳಿದರಂತೆ. ಪಕ್ಕದ ಮಂಚದವಳು ಕೊಡುವುದಕ್ಕೆ ತಕರಾರು ಮಾಡಿದಳಂತೆ. ಅದೂ ಒಂದು ಜಗಳವಾಯಿತು ಎಂದು ವಾರ್ಡನ್ ಆಮೇಲೆ ಹೇಳಿದಳು.

ಸೊಸೆ ಮರುದಿನವೇ ಕಚೇರಿಗೆ ಬಂದು ದೂರು ಕೊಟ್ಟಳು. ವಕೀಲರು ಬಾಗಿಲು ಹಾಕಿಕೊಂಡು ಕರಡಿಯನ್ನು ತರಾಟೆಗೆ ತೆಗೆದುಕೊಂಡರು.

"ಅರ್ಥ ಬದಲಾಗದ ಹಾಗೆ ಬರೆಯೋಕೆ ನಿಮಗೆ ಸಂಬಳ. ಕಕ್ಷಿದಾರರ ಮನೆಗೆ ನುಗ್ಗೋಕಲ್ಲ."

"ಅವರು ನನ್ನ ಬರವಣಿಗೇನ ಅರ್ಧಕ್ಕೆ ಕಡಿದ್ರು ಸರ್."

"ಕಡಿಯೋ ಹಾಗೆ ತುಂಡು ಮಾಡಿಕೊಟ್ಟಿದ್ದು ಯಾರು?"

ಮೂಲದ ಆ ಉಸಿರುಗಟ್ಟಿಸುವ ವಾಕ್ಯದಲ್ಲಿ ಒಪ್ಪಿಗೆಯ ಮಾತು ನಡುವಿನಲ್ಲಿತ್ತು. ಅದನ್ನು ಕಿತ್ತರೆ ವಾಕ್ಯವೇ ಬಾಯಿಬಿಟ್ಟು ಬೀಳುತ್ತಿತ್ತು. ಅದನ್ನು ಬೇರೆ ಮಾಡಿದ್ದು, ಬೇರೆ ಹಾಳೆಗೆ ಸರಿಸಿದ್ದು, ಕಲ್ಲಿನ ಹಾಗೆ ಚುಚ್ಚುತ್ತದೆ ಎಂದು ಆ ಬಾಲವನ್ನು ಅಳಿಸಿದ್ದು ತಾನೇ. ವಕೀಲರು ಸಹಿ ಹಾಕಿದ್ದನ್ನು ನೆನಪಿಸಬಹುದಿತ್ತು. ನೆನಪಿಸಲಿಲ್ಲ. ಕೆಲಸ ಉಳಿಯಿತು, ಅಷ್ಟೆ.

ಮಗ ಮತ್ತೆ ಬರಲಿಲ್ಲ. ಮೊದಲ ಭಾನುವಾರ ಚಿಕ್ಕಮ್ಮ ಭೇಟಿ ಕೋಣೆಗೆ ಹೋಗಿ ಕೂತಿದ್ದರಂತೆ. ಎರಡನೆಯ ಭಾನುವಾರ ಅವರ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು.

ವಸತಿಗೃಹದ ನಿಯಮಗಳ ಕೆಲಸ ಇನ್ನೂ ಬಾಕಿಯಿತ್ತು. ಬೇರೆ ಯಾರನ್ನಾದರೂ ಕಳಿಸಿ ಎಂದು ಕರಡಿ ಕೇಳಿಕೊಂಡಳು. "ಶುರುಮಾಡಿದ್ದು ನೀವೇ, ಮುಗಿಸಿ" ಎಂದರು ವಕೀಲರು. ತಿದ್ದಿದ ಪ್ರತಿಯನ್ನು ಹಿಡಿದುಕೊಂಡು ಅವಳು ಮೂರನೆಯ ಕೋಣೆಯ ಬಾಗಿಲು ತಳ್ಳಿದಳು. ಒಳಗಿಂದ ಹಲೋ ಎಂಬ ದನಿ ಬರಲಿಲ್ಲ.

ಖಾಲಿಯಾಗಿದ್ದ ಒಂದು ಮಂಚಕ್ಕೆ ಹೊಸಬಳು ಬಂದಿದ್ದಳು. ಎರಡು ದಿನದಿಂದ ಅಳುತ್ತಿದ್ದಳಂತೆ. ಕಣ್ಣು ಬಾತಿದ್ದವು. ಕರಡಿ ಕಾನೂನಿನ ಕಚೇರಿಯವಳು ಎಂದು ಗೊತ್ತಾಗುತ್ತಲೇ, "ನನ್ನ ಮಗಳೂ ಬಾಡಿಗೆ ಮನೇಲಿದ್ದಾಳೆ. ಹೆಸರಿಲ್ಲದೋರನ್ನ ಇಟ್ಕೊಳ್ಳೋ ಹಾಗಿಲ್ಲ ಅಂತ ನಿಯಮ ಇದೆಯಂತಲ್ಲಮ್ಮ? ಹೌದಾ?" ಎಂದು ಕೇಳಿದಳು.

ಕರಡಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ ಚಿಕ್ಕಮ್ಮನ ಕಡೆ ನೋಡಿದಳು. ಅವರು ಕಣ್ಣು ಮುಚ್ಚಿಕೊಂಡಿದ್ದರು.

"ಇದೆಯಮ್ಮ" ಎಂದಳು ಕರಡಿ ಮೆಲ್ಲಗೆ. "ಅಂಥ ನಿಯಮ ಎಷ್ಟೋ ಕರಾರುಗಳಲ್ಲಿ ಇರುತ್ತೆ."

ಹೊಸಬಳು ಉಸಿರು ಬಿಟ್ಟಳು. ಸೆರಗಿನಿಂದ ಮೂಗೊರೆಸಿಕೊಂಡು, "ನಾನೂ ಅದೇ ಅಂದ್ಕೊಂಡೆ. ಇಲ್ದಿದ್ರೆ ಅವಳು ಕಳಿಸೋಳಲ್ಲ" ಎಂದಳು.

"ಪೂರ್ತಿ ಹೇಳು."

ಚಿಕ್ಕಮ್ಮ ಕಣ್ಣು ತೆರೆದಿರಲಿಲ್ಲ. ದನಿ ಮಾತ್ರ ಮೊದಲಿನಷ್ಟೇ ಸ್ಪಷ್ಟವಾಗಿತ್ತು.

"ಚಿಕ್ಕಮ್ಮ, ಬೇಡ" ಎಂದಳು ಕರಡಿ.

"ಯಾಕೆ ಬೇಡ? ನನಗೆ ಹೇಳ್ಲಿಲ್ವಾ? ಇನ್ನೊಂದು ಹಾಳೆ ಇದೆ ಅಲ್ವಾ? ಅವಳಿಗೂ ಹೇಳು. ಒಂದು ಅಕ್ಷರ ಬಿಡಬೇಡ."

ಹೊಸಬಳು ಇಬ್ಬರನ್ನೂ ಸರದಿಯ ಮೇಲೆ ನೋಡಿದಳು. "ಏನದು? ಇನ್ನೇನಿದೆ?"

ಉಳಿದ ಇಬ್ಬರು ಮುದುಕಿಯರು ತಮ್ಮ ತಮ್ಮ ಮಂಚದ ಮೇಲೆ ಮುಂದಕ್ಕೆ ಬಾಗಿದರು. ಕರಡಿ ಬಾಗಿಲಿನತ್ತ ನೋಡಿದಳು. ಆಮೇಲೆ ನಿಂತಲ್ಲೇ ನಿಂತು ಹೇಳಿದಳು: "ಮಾಲೀಕರು ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟಿದ್ದರೆ ಇರಲು ಬಿಡಬಹುದು. ಸರಿಯಾದ ಕಾರಣವಿಲ್ಲದೆ ಮಾಲೀಕರು ಒಪ್ಪಿಗೆ ನಿರಾಕರಿಸಬಾರದು. ಆದರೆ ಅದು ಈ ಚಿಕ್ಕಮ್ಮನ ಮನೆಯ ಕರಾರು. ನಿಮ್ಮ ಮಗಳದು ಬೇರೆ ಇರಬಹುದು."

ಕೊನೆಯ ಮಾತು ಹೊಸಬಳ ಕಿವಿಗೆ ಬೀಳಲಿಲ್ಲ. ಅವಳ ಮುಖದಲ್ಲಿ ಏನೋ ಒಂದೊಂದಾಗಿ ಆರುತ್ತ ಹೋಯಿತು. "ನನ್ನ ಮಗಳು ಮಾಲೀಕರನ್ನ ಕೇಳಿರ್ತಾಳೆ" ಎಂದಳು. "ಕೇಳದೇ ಇರೋಳಲ್ಲ ಅವಳು." ಅವಳು ಗೋಡೆಯ ಕಡೆ ತಿರುಗಿ ಮಲಗಿಕೊಂಡಳು.

ಹಲೋ ಚಿಕ್ಕಮ್ಮ ಈಗ ಕಣ್ಣು ತೆರೆದು, ಕಾಲ ಮೇಲಿನ ಹೊದಿಕೆಯನ್ನು ಸರಿಮಾಡಿಕೊಂಡರು.

"ಚೆನ್ನಾಗಿ ಬರೀತಾಳೆ ಕಣ್ರೇ ಇವಳು" ಎಂದರು. "ಒಂದೇ ಸಲಕ್ಕೆ ಅರ್ಥ ಆಗುತ್ತೆ."